ನಾಲ್ಕು ಮೈಕ್ ಸೇರಿಸಿದರೆ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತಿದೆ, ಏನು ಮಾಡಲಿ?

ಕೇಳಿದವರು, ಶಿವಮೊಗ್ಗ: ನಮ್ಮ ಕಾಲೇಜಿನಲ್ಲಿ ನಡೆದ ಒಂದು ಸಂವಾದ ರೆಕಾರ್ಡ್ ಮಾಡಿದ್ದೇನೆ. ಒಂದು ಉದ್ದ ಮೇಜು, ನಾಲ್ಕು ಜನ, ನಾಲ್ಕು ಗೂಸ್‌ನೆಕ್ ಮೈಕ್. ಪಕ್ಕಪಕ್ಕದ ಮೈಕ್ ನಡುವೆ ಮುಕ್ಕಾಲು ಮೀಟರ್ ಇರಬಹುದು. ನಾಲ್ಕೂ ಬೇರೆ ಬೇರೆ ಟ್ರ್ಯಾಕ್ ಆಗಿ ಸಿಕ್ಕಿವೆ. ಒಂದೊಂದೇ ಕೇಳಿದರೆ ಚೆನ್ನಾಗಿದೆ, ಎಲ್ಲ ಸೇರಿಸಿದ ಕೂಡಲೇ ಡಬ್ಬದೊಳಗೆ ಮಾತಾಡಿದ ಹಾಗೆ. ಗೇಟ್ ಹಾಕಿ ನೋಡಿದೆ, ಮಾತಿನ ತುದಿ ಕತ್ತರಿಸಿ ಹೋಗುತ್ತಿದೆ. ಒಂದೂವರೆ ಗಂಟೆಯ ಕಾರ್ಯಕ್ರಮ, ಇನ್ನೊಮ್ಮೆ ಮಾಡಲು ಆಗಲ್ಲ. ಉಳಿಸಿಕೊಳ್ಳಬಹುದಾ?

ಆರ್ಕೆಸ್ಟ್ರಾ ಸೌಂಡ್‌ನವರು, ಹುಬ್ಬಳ್ಳಿ: ಫೇಸ್ ಉಲ್ಟಾ ಆಗೇದ ರೀ, ಮತ್ತೇನಿಲ್ಲ. ಎರಡನೇದು, ನಾಲ್ಕನೇದು, ಎರಡಕ್ಕೂ Ø ಬಟನ್ ಒತ್ತಿ ನೋಡ್ರಿ. ನಾವು ಡ್ರಮ್ ಮೈಕಿಗೆ ದಿನಾ ಹಂಗೇ ಮಾಡೋದು. ಒಂದೇ ಸೆಕೆಂಡಿನ ಕೆಲಸ.

ಕೇಳಿದವರು: ಒತ್ತಿ ನೋಡಿದೆ ಸರ್. ದನಿ ಬದಲಾಯಿತು, ಸರಿ ಆಗಲಿಲ್ಲ. ಮೊದಲನೆಯವರ ದನಿ ಸ್ವಲ್ಪ ತುಂಬಿಕೊಂಡಿತು, ಮೂರನೆಯವರದ್ದು ಇನ್ನೂ ಸೊರಗಿತು.

ಸೌಂಡ್ ಎಂಜಿನಿಯರ್, ಬೆಂಗಳೂರು: ಉಳಿಸಿಕೊಳ್ಳಬಹುದು. ಟ್ರ್ಯಾಕ್ ಬೇರೆ ಬೇರೆ ಇದೆಯಲ್ಲ, ಅದೇ ದೊಡ್ಡ ಪುಣ್ಯ.

ಮೊದಲು ಹುಬ್ಬಳ್ಳಿಯವರ ಮಾತು. ಕೇಬಲ್‌ನಲ್ಲಿ ಎರಡನೇ ಪಿನ್ನು ಮೂರನೇ ಪಿನ್ನು ಅದಲುಬದಲಾಗಿ ಬೆಸುಗೆ ಆಗಿದ್ದರೆ ಅವರು ಹೇಳಿದ್ದೇ ಮದ್ದು. ಅದು ಆಗೋದೂ ಉಂಟು, ನಾನೇ ಅಂಥ ಎರಡು ಕೇಬಲ್ ಎಸೆದಿದ್ದೇನೆ. ಆದರೆ ನಿಮಗೆ ಬಟನ್ ಒತ್ತಿದಾಗ ಒಬ್ಬರದ್ದು ಸುಧಾರಿಸಿ ಇನ್ನೊಬ್ಬರದ್ದು ಕೆಟ್ಟಿತು ಅಂದ್ರೆ ಇದು ಉಲ್ಟಾ ಆಗಿರೋ ಕೇಬಲ್ ಅಲ್ಲ, ತಡ. ಬಟನ್ ಅಲೆಯನ್ನು ತಲೆಕೆಳಗು ಮಾಡುತ್ತೆ ಅಷ್ಟೇ, ತಡವಾಗಿ ಬಂದದ್ದನ್ನು ಬೇಗ ತರಲ್ಲ.

ಲೆಕ್ಕ ನೋಡಿ. ಮೊದಲನೆಯವರ ಬಾಯಿಂದ ಅವರ ಮೈಕಿಗೆ 40 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಪಕ್ಕದ ಮೈಕ್ 75 ಸೆಂಟಿಮೀಟರ್ ಆಚೆ ಇದೆ, ಓರೆಯಾಗಿ ಅಳೆದರೆ ಬಾಯಿಂದ ಅಲ್ಲಿಗೆ 85. ಅದೇ ಮಾತು ಪಕ್ಕದ ಮೈಕಿಗೆ 45 ಸೆಂಟಿಮೀಟರ್ ಜಾಸ್ತಿ ನಡೆದು ಹೋಗುತ್ತೆ. ಶಬ್ದ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂಟಿಮೀಟರ್ ಹೋಗುವುದರಿಂದ, ತಡ 1.3 ಮಿಲಿಸೆಕೆಂಡ್. ಈ ಎರಡನ್ನೂ ಕೂಡಿಸಿದರೆ 380 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಗುಂಡಿ ಬೀಳುತ್ತೆ, ಅಂದ್ರೆ ಅಲ್ಲಿ ದನಿ ಕುಗ್ಗುತ್ತೆ, ಅದರ ಮೂರು ಪಟ್ಟಿನಲ್ಲಿ ಇನ್ನೊಂದು, ಐದು ಪಟ್ಟಿನಲ್ಲಿ ಮತ್ತೊಂದು, ಹೀಗೆ ಬಾಚಣಿಗೆಯ ಹಲ್ಲಿನ ಥರ. ಮನುಷ್ಯನ ದನಿಯ ಮೈಕಟ್ಟು ಇರೋದೇ ಆ ಜಾಗದಲ್ಲಿ. ಅದಕ್ಕೇ ಡಬ್ಬ.

ಬೇಕಾದರೆ ಪರೀಕ್ಷೆ ಮಾಡಿ. ಮೊದಲನೆಯವರು ಜೋರಾಗಿ ಪ ಅಥವಾ ಟ ಅಂದಿರೋ ಒಂದು ಜಾಗ ಹುಡುಕಿ, ಒಂದು ಎರಡನೇ ಟ್ರ್ಯಾಕ್‌ಗಳನ್ನು ಮೇಲೆ ಕೆಳಗೆ ಇಟ್ಟು ಸ್ಯಾಂಪಲ್ ಕಾಣುವಷ್ಟು ಹಿಗ್ಗಿಸಿ. ಸೆಕೆಂಡಿಗೆ 48,000 ಸ್ಯಾಂಪಲ್‌ನ ರೆಕಾರ್ಡಿಂಗ್ ಆಗಿದ್ದರೆ ಎರಡನೇ ಟ್ರ್ಯಾಕ್‌ನಲ್ಲಿ ಅದೇ ಉಬ್ಬು 60 ಚಿಲ್ಲರೆ ಸ್ಯಾಂಪಲ್ ಆಚೆ ಸಿಗಬೇಕು.

ಪಾಡ್‌ಕಾಸ್ಟ್ ಮಾಡುವವರು, ಮೈಸೂರು: ಹಾಗಾದ್ರೆ ಸುಲಭ ಅಲ್ವಾ ಅಕ್ಕ? ಎರಡನೇ ಟ್ರ್ಯಾಕನ್ನು ಆ 60 ಸ್ಯಾಂಪಲ್ ಹಿಂದಕ್ಕೆ ಎಳೆದರೆ ಮುಗೀತು. ನಾನು ಕಾಲರ್ ಮೈಕ್ ಮತ್ತು ಬೂಮ್ ಮೈಕ್ ಎರಡನ್ನೂ ಹಾಗೇ ಕೂರಿಸುತ್ತೇನೆ, ದನಿ ಎಷ್ಟು ಚೆನ್ನಾಗಿ ತುಂಬಿಕೊಳ್ಳುತ್ತೆ ಗೊತ್ತಾ.

ಸೌಂಡ್ ಎಂಜಿನಿಯರ್: ನಿಮ್ಮ ಕೇಸಿನಲ್ಲಿ ಸರಿ, ಯಾಕಂದ್ರೆ ಎರಡು ಮೈಕ್ ಇದ್ದರೂ ಬಾಯಿ ಒಂದೇ. ಇಲ್ಲಿ ನಾಲ್ಕು ಮೈಕಿಗೆ ನಾಲ್ಕು ಬಾಯಿ.

ಎರಡನೇ ಟ್ರ್ಯಾಕನ್ನು 1.3 ಮಿಲಿಸೆಕೆಂಡ್ ಬೇಗ ಮಾಡಿದ್ರಿ ಅಂತ ಇಟ್ಟುಕೊಳ್ಳಿ. ಮೊದಲನೆಯವರ ಮಾತು ಎರಡೂ ಟ್ರ್ಯಾಕ್‌ನಲ್ಲಿ ಒಂದರ ಮೇಲೊಂದು ಕೂತಿತು, ಸಂತೋಷ. ಈಗ ಎರಡನೆಯವರು ಬಾಯಿ ತೆಗೆದರು. ಅವರ ಮಾತು ಮೊದಲನೇ ಮೈಕಿಗೆ ಮೊದಲೇ 1.3 ತಡವಾಗಿ ಹೋಗಿತ್ತು, ನೀವು ಅವರ ಸ್ವಂತ ಟ್ರ್ಯಾಕನ್ನೂ ಬೇಗ ಮಾಡಿದ್ದೀರಿ, ಹಾಗಾಗಿ ಅಂತರ 2.6 ಆಯಿತು. ಗುಂಡಿ 380ರಿಂದ 190ಕ್ಕೆ ಇಳಿಯಿತು. ಒಬ್ಬರ ರೋಗ ಇನ್ನೊಬ್ಬರಿಗೆ ದಾಟಿಸಿದ ಹಾಗೆ. ಯಾರ ಕಡೆಗೆ ಎಳೆದರೂ ಪಕ್ಕದವರಿಗೆ ಏಟು, ಇದಕ್ಕೆ ಎಲ್ಲರಿಗೂ ಹೊಂದುವ ಒಂದು ಡಿಲೇ ಇಲ್ಲವೇ ಇಲ್ಲ.

ಇನ್ನೊಬ್ಬರು, ಪುತ್ತೂರು: ನನ್ನದೂ ಇದೇ ಸಮಸ್ಯೆ ಮೇಡಂ. ಯಕ್ಷಗಾನ ತಾಳಮದ್ದಳೆ ಮಿಕ್ಸರ್‌ನಿಂದ ರೆಕಾರ್ಡರಿಗೆ ತೆಗೆದುಕೊಂಡಿದ್ದೆ, ಜೊತೆಗೆ ಮೊಬೈಲಿನಲ್ಲಿ ವಿಡಿಯೊ. ಶುರುವಿನಲ್ಲಿ ಎರಡೂ ಕೂತಿರುತ್ತದೆ, ಒಂದು ಗಂಟೆ ಆದ ಮೇಲೆ ತುಟಿ ಬೇರೆ ಮಾತು ಬೇರೆ. ಇದು ಕೂಡ ಫೇಸ್ ತೊಂದರೆಯಾ?

ಸೌಂಡ್ ಎಂಜಿನಿಯರ್: ಅಲ್ಲ, ಅದು ಎರಡು ಯಂತ್ರದ ಎರಡು ಗಡಿಯಾರ. ಹತ್ತು ಲಕ್ಷಕ್ಕೆ 20 ಭಾಗ ಹೆಚ್ಚುಕಡಿಮೆ ಓಡಿದರೂ ಗಂಟೆಗೆ 72 ಮಿಲಿಸೆಕೆಂಡ್ ಬೇರೆಯಾಗುತ್ತೆ. ನಿಮ್ಮ ಮೊಬೈಲಿನದ್ದು ಇನ್ನೂ ಜಾಸ್ತಿ ಇರಬಹುದು. ಪದ್ಯ ಮುಗಿದು ಮಾತು ಶುರುವಾಗುವ ಕಡೆ ಆಡಿಯೊ ತುಂಡು ಮಾಡಿ, ಪ್ರತಿ ತುಂಡನ್ನೂ ಮತ್ತೆ ವಿಡಿಯೊಗೆ ಕೂರಿಸಿ, ಸಾಕು. ಇವರ ನಾಲ್ಕು ಟ್ರ್ಯಾಕ್ ಒಂದೇ ಮಿಕ್ಸರ್‌ನಿಂದ ಬಂದಿರೋದರಿಂದ ಆ ಕಾಟ ಇಲ್ಲ.

ಶಿವಮೊಗ್ಗದವರಿಗೆ: ಮಾಡಬೇಕಾದ್ದು ಇಷ್ಟು. ಒಂದು ಹೊತ್ತಿಗೆ ಒಂದೇ ಮೈಕ್ ಪೂರ್ತಿ ತೆರೆದಿರಬೇಕು. ಗೇಟ್ ಹಾಕಿದ್ದೂ ಅದಕ್ಕೇ, ಉದ್ದೇಶ ಸರಿ ಇತ್ತು, ಆದರೆ ನೀವು ಪೂರ್ತಿ ಮುಚ್ಚುವ ಹಾಗೆ ಇಟ್ಟಿರುತ್ತೀರಿ. ಹಾಗೆ ಮಾಡಿದರೆ ಮಾತಿನ ಬಾಲ ಹೋಗುತ್ತೆ, ಹಾಲಿನ ಫ್ಯಾನಿನ ಸದ್ದೂ ಬಂದು ಹೋಗಿ ಮಾಡುತ್ತೆ. ಮುಚ್ಚಬೇಡಿ, 15 ಡೆಸಿಬಲ್ ಇಳಿಸಿ. ಪಕ್ಕದ ಮೈಕಿಗೆ ಸೋರಿರುವ ದನಿ ದೂರದ ಲೆಕ್ಕಕ್ಕೇ ಆರೂವರೆ ಡೆಸಿಬಲ್ ಕಡಿಮೆ ಇದೆ, ಮೈಕ್ ಅವರ ಕಡೆ ಮುಖ ಮಾಡಿಲ್ಲವಾದ್ದರಿಂದ ಇನ್ನೆರಡು ಮೂರು. ಅದರ ಮೇಲೆ ನಿಮ್ಮ 15 ಸೇರಿದರೆ ಒಟ್ಟು 24ರ ಹತ್ತಿರ, ಆಗ ಬಾಚಣಿಗೆಯ ಏರಿಳಿತ ಅರ್ಧ ಡೆಸಿಬಲ್ಲಿಗೆ ಬಂದು ನಿಲ್ಲುತ್ತೆ. ಕಿವಿಗೆ ಗೊತ್ತೇ ಆಗಲ್ಲ.

ಒಂದೂವರೆ ಗಂಟೆಯದ್ದಾದರೆ ನಾನು ಕೈಯಲ್ಲೇ ಮಾಡುತ್ತೇನೆ. ಅಲೆ ನೋಡಿದರೆ ಯಾರ ಸರದಿ ಅಂತ ಕಣ್ಣಿಗೇ ಕಾಣುತ್ತೆ, ಯಾರದ್ದು ದಪ್ಪ ಇದೆಯೋ ಅವರೇ. ಸರದಿ ಬದಲಾಗುವ ಕಡೆ ಕತ್ತರಿಸಿ, ಸುಮ್ಮನಿರುವವರ ತುಂಡಿನ ವಾಲ್ಯೂಮ್ ಇಳಿಸಿ. ಕತ್ತರಿಸೋದು ಮಾತಿಗೆ ಅಂಟಿಕೊಂಡೇ ಬೇಡ, ಮಾತಿಗೆ ಮುಂಚಿನ ಉಸಿರೂ ಒಳಗೆ ಬರಲಿ. ಏರೋದಕ್ಕೆ 30 ಮಿಲಿಸೆಕೆಂಡ್ ಫೇಡ್ ಸಾಕು, ಇಳಿಯೋದಕ್ಕೆ ಅರ್ಧ ಸೆಕೆಂಡ್ ಕೊಡಿ. ಮೊದಲ ಹತ್ತು ನಿಮಿಷಕ್ಕೆ ಬೇಜಾರಾಗುತ್ತೆ, ಆಮೇಲೆ ಕೈ ತಾನಾಗೇ ಓಡುತ್ತೆ. ಕೇಳುವಾಗ ಸ್ಟೀರಿಯೊ ಹರಡಬೇಡಿ, ನಾಲ್ಕನ್ನೂ ನಡುವಿಗೆ ಇಟ್ಟು ಮೋನೊದಲ್ಲೇ ಕೇಳಿ, ಇಲ್ಲದಿದ್ದರೆ ತಪ್ಪು ಅಡಗಿಕೊಂಡುಬಿಡುತ್ತೆ.

ಆರ್ಕೆಸ್ಟ್ರಾ ಸೌಂಡ್‌ನವರು: ಇಬ್ಬರೂ ಒಟ್ಟಿಗೆ ಜಗಳಾಡಿದ್ರ? ಸಂವಾದ ಅಂದಮ್ಯಾಲೆ ಅದು ಇದ್ದೇ ಇರ್ತದಲ್ರೀ.

ಸೌಂಡ್ ಎಂಜಿನಿಯರ್: ಹ್ಹ ಹ್ಹ, ಇದ್ದೇ ಇರುತ್ತೆ. ಆಗ ಎರಡೂ ತೆರೆದಿಡಬೇಕು, ಅಷ್ಟು ಹೊತ್ತು ಸ್ವಲ್ಪ ಡಬ್ಬ ಆಗುತ್ತೆ, ಆಗಲಿ. ಇಬ್ಬರು ಕೂಗಾಡುವಾಗ ದನಿಯ ಬಣ್ಣ ಯಾರೂ ಗಮನಿಸಲ್ಲ. ಕಷ್ಟ ಇರೋದು ಹೂಂ, ಹೌದು ಹೌದು ಅಂತ ನಡುವೆ ಸಣ್ಣದಾಗಿ ಅನ್ನುವವರದ್ದು. ಪ್ರತಿ ಹೂಂಗೂ ಅವರ ಮೈಕ್ ಎತ್ತಬೇಡಿ, ಮಾತಾಡುವವರ ಮೈಕಿನಲ್ಲೇ ಅದು ಸಾಕಷ್ಟು ಕೇಳುತ್ತೆ.

ಮುಂದಿನ ಸಲಕ್ಕೆ ಒಂದು. ಮೈಕನ್ನು ಬಾಯಿಂದ 25 ಸೆಂಟಿಮೀಟರ್‌ಗೆ ತನ್ನಿ. ಮೈಕ್‌ನಿಂದ ಮೈಕಿಗೆ 75 ಇದ್ದೇ ಇದೆ, ಒಂದಕ್ಕೆ ಮೂರರ ಅಳತೆ ತಾನಾಗೇ ಬಂತು, ಪಕ್ಕದ ಮೈಕಿಗೆ ಸೋರೋದು ಹತ್ತು ಡೆಸಿಬಲ್ ಕೆಳಗಿರುತ್ತೆ. ಮಿಕ್ಸರ್‌ನಲ್ಲಿ ಆಟೋಮಿಕ್ಸ್ ಇದ್ದರೆ ಹಾಕಿ. ಡ್ಯಾನ್ ಡುಗನ್ ಅನ್ನೋರು 1970ರ ದಶಕದಲ್ಲಿ ಮಾಡಿದ ಉಪಾಯ ಅದು, ಎಲ್ಲ ಮೈಕ್ ಸೇರಿ ಒಂದೇ ಮೈಕ್ ತೆರೆದಷ್ಟು ಗೇನ್ ಹಂಚಿಕೊಳ್ಳುತ್ತವೆ, ಯಾರು ಮಾತಾಡಿದರೆ ಅವರಿಗೆ ಪಾಲು ಜಾಸ್ತಿ. ಆದರೆ ರೆಕಾರ್ಡಿಂಗ್ ಮಾತ್ರ ಆಟೋಮಿಕ್ಸ್‌ಗೆ ಮುಂಚಿನ ಸಿಗ್ನಲ್‌ನಿಂದಲೇ ತೆಗೆದುಕೊಳ್ಳಿ, ಅದು ತಪ್ಪಿದರೂ ನಿಮ್ಮ ಹತ್ತಿರ ಶುದ್ಧ ಟ್ರ್ಯಾಕ್ ಇರುತ್ತೆ.

ಕೇಳಿದವರು (ಮೂರು ದಿನ ಬಿಟ್ಟು): ಮೇಡಂ, ನಲವತ್ತು ನಿಮಿಷ ಮುಗಿಸಿದೆ. ಮೊದಲನೆಯವರು, ಎರಡನೆಯವರು, ನಾಲ್ಕನೆಯವರು ಈಗ ಮನೆಯಲ್ಲಿ ಎದುರು ಕೂತು ಮಾತಾಡಿದ ಹಾಗಿದೆ. ಮೂರನೆಯವರು ಮಾತ್ರ ಇನ್ನೂ ಡಬ್ಬವೇ. ಅವರದ್ದೊಂದೇ ಸೋಲೊ ಮಾಡಿ ಕೇಳಿದರೂ ಡಬ್ಬ. ಮೊದಲು ಗಮನಿಸಿರಲಿಲ್ಲ, ಒಂದೊಂದೇ ಕೇಳಿದರೆ ಚೆನ್ನಾಗಿದೆ ಅಂತ ಬರೆದದ್ದು ನನ್ನ ತಪ್ಪು.

ಸೌಂಡ್ ಎಂಜಿನಿಯರ್: ಸೋಲೊದಲ್ಲೂ ಹಾಗೇ ಅಂದ್ರೆ ಬೇರೆ ಮೈಕಿನ ತಪ್ಪಲ್ಲ. ಮೇಜಿನ ಮೇಲೆ ಏನಿತ್ತು, ಬಟ್ಟೆ ಹಾಸಿದ್ರಾ ಬರೀ ಸನ್‌ಮೈಕಾನಾ? ಅವರ ಗೂಸ್‌ನೆಕ್ ಕೆಳಗೆ ಬಗ್ಗಿತ್ತಾ?

ಕೇಳಿದವರು: ಬರೀ ಸನ್‌ಮೈಕಾ. ವಿಡಿಯೊ ನೋಡಿದೆ, ಮುಖ ಕಾಣಲಿ ಅಂತ ಫೋಟೊದವರು ಅವರ ಮೈಕನ್ನು ಮೇಜಿಗೆ ತಾಗುವಷ್ಟು ಬಗ್ಗಿಸಿದ್ದಾರೆ. ನಾಲ್ಕು ಬೆರಳು ಎತ್ತರ ಇರಬಹುದು.

ಸೌಂಡ್ ಎಂಜಿನಿಯರ್: ಹಾಗಾದರೆ ಮಾತು ನೇರವಾಗಿ ಒಂದು ಸಲ, ಮೇಜಿಗೆ ಬಡಿದು ಇನ್ನೊಂದು ಸಲ ಬಂದಿದೆ. ನಾಲ್ಕು ಬೆರಳು ಅಂದರೆ ಎಂಟು ಸೆಂಟಿಮೀಟರ್, ಅಷ್ಟಿದ್ದರೆ ದಾರಿಯ ವ್ಯತ್ಯಾಸ ಬರೀ 12 ಸೆಂಟಿಮೀಟರ್ ಆಸುಪಾಸು, ಗುಂಡಿ 1,400 ಹರ್ಟ್ಸ್ ಹತ್ತಿರ. ಒಂದೇ ಟ್ರ್ಯಾಕ್‌ನೊಳಗೆ ಬೆರೆತು ಹೋಗಿರೋದನ್ನು ಬಿಡಿಸೋಕೆ ಬರಲ್ಲ. ಒಂದು ಪ್ರಯತ್ನ ಮಾಡಿ: ಅವರು ಮಾತಾಡುವಾಗ ಅವರ ಮೈಕ್ ಇಳಿಸಿ ನಾಲ್ಕನೇ ಮೈಕನ್ನೇ ಎತ್ತಿ ಕೇಳಿ. ಹಾಲಿನ ಗುಂಯ್ ಜಾಸ್ತಿ ಬರುತ್ತೆ, ಆದರೆ ದನಿ ಸಹಜ ಇರಬಹುದು.

ಪಾಡ್‌ಕಾಸ್ಟ್ ಮಾಡುವವರು: ನನಗೇನೋ ಮೇಜಿನ ಮೇಲೆ ಅನುಮಾನ ಇಲ್ಲ ಅಕ್ಕ. ಹಾಲಿನ ಸ್ಪೀಕರ್ ಬಾಕ್ಸ್ ಅವರ ಹಿಂದೆಯೇ ಇದ್ದಿದ್ದರೂ ಹೀಗೇ ಕೇಳುತ್ತೆ ಅಲ್ವಾ?

ಸೌಂಡ್ ಎಂಜಿನಿಯರ್: ಬಾಕ್ಸ್ ಮೂರ್ನಾಲ್ಕು ಮೀಟರ್ ದೂರ ಇದ್ದರೆ ತಡ ಹತ್ತು ಮಿಲಿಸೆಕೆಂಡ್ ಆಸುಪಾಸು ಆಗುತ್ತೆ, ಅದು ಡಬ್ಬಕ್ಕಿಂತ ಬಾವಿಯ ಥರ ಕೇಳಬೇಕು. ಆದರೆ ಕೇಳದೆ ಹೇಳೋದು ಕಷ್ಟ, ಎರಡೂ ಇರಬಹುದು.

ಕೇಳಿದವರು: ಬಾಕ್ಸ್ ಎಲ್ಲಿತ್ತು ಅಂತ ವಿಡಿಯೊದಲ್ಲಿ ಕಾಣುತ್ತಿಲ್ಲ, ಹಾಲಿನವರನ್ನು ಕೇಳುತ್ತೇನೆ. ಸದ್ಯ ನಾಲ್ಕನೇ ಮೈಕ್ ಎತ್ತಿ ನೋಡಿದೆ. ಅವರ ದನಿ ಪರವಾಗಿಲ್ಲ, ಆದರೆ ನಾಲ್ಕನೆಯವರು ಪೂರ್ತಿ ಹೊತ್ತು ಕಾಗದ ಮಡಚುತ್ತಾ ಕೂತಿದ್ದಾರೆ, ಅದೂ ಎದ್ದು ಬಂತು.

ಆರ್ಕೆಸ್ಟ್ರಾ ಸೌಂಡ್‌ನವರು: ಅದಕ್ಕ ಬಟನ್ ಇಲ್ಲ ರೀ 😄