ಜ್ವರ ಬಂದು ಹಾಜರಾತಿ ಕಮ್ಮಿಯಾಗಿದೆ, ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಕಾ?

ಪ್ರಶ್ನೆ: ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೇ ಸೆಮ್, ವಿಟಿಯು. ಡೆಂಗಿ ಆಗಿ ಒಂದು ವಾರ ಅಡ್ಮಿಟ್ ಆಗಿದ್ದೆ, ಆಮೇಲೆ ಸುಸ್ತು ಅಂತ ಮೂರು ವಾರ ಮನೆಯಲ್ಲೇ ಇದ್ದೆ. ಒಂದು ವಿಷಯದಲ್ಲಿ 78 ಪರ್ಸೆಂಟ್, ಗಣಿತದಲ್ಲಿ 70. ಡಿಸ್ಚಾರ್ಜ್ ಸಮ್ಮರಿ ಕೊಟ್ಟರೆ ಆಗುತ್ತಾ?

ಒಬ್ಬ ಸೀನಿಯರ್: ಸುಮ್ನೆ ಯಾಕೆ ಟೆನ್ಷನ್? 75 ಇದ್ರೆ ಸಾಕು. ಮೆಡಿಕಲ್ ಕೊಟ್ರೆ ಬರದೇ ಇದ್ದ ದಿನಕ್ಕೆಲ್ಲ ಹಾಜರಿ ಹಾಕ್ತಾರೆ.

ಕಾಲೇಜು ಆಫೀಸಿನಲ್ಲಿದ್ದವರು: ಹಾಜರಿ ಯಾರೂ ಹಾಕಲ್ಲಪ್ಪ. ವಿಟಿಯುನಲ್ಲಿ ಬೇಕಿರೋದು 85. ಕಾಯಿಲೆಯಂಥ ಕಾರಣ ಇದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ 10 ಪರ್ಸೆಂಟ್‌ವರೆಗೆ ಮನ್ನಾ ಸಿಗಬಹುದು, 75 ಅನ್ನೋದು ಬಂದಿದ್ದು ಅಲ್ಲಿಂದ. ಲೆಕ್ಕ ಒಂದೊಂದು ವಿಷಯಕ್ಕೂ ಬೇರೆ ಬೇರೆ. 78 ಇರೋದಕ್ಕೆ ಅರ್ಜಿ ಹಾಕಬಹುದು. ಗಣಿತಕ್ಕೆ ಈಗ ಕಷ್ಟ, ಆದರೆ ಕ್ಲಾಸ್ ಇನ್ನೂ ಉಳಿದಿದ್ದರೆ ದಾರಿ ಇದೆ. 50 ಕ್ಲಾಸಿನಲ್ಲಿ 35ಕ್ಕೆ ಹೋಗಿದ್ದೀಯ ಅಂದುಕೋ, ಅದು 70. ಇನ್ನು 10 ಕ್ಲಾಸ್ ಇದ್ದು ಒಂದನ್ನೂ ಬಿಡದೆ ಕೂತರೆ 60ಕ್ಕೆ 45, ಸರಿಯಾಗಿ 75 ಆಗುತ್ತೆ. ಒಂದು ತಪ್ಪಿದರೂ ಇಲ್ಲ.

ಇನ್ನು ನಿನ್ನ ಪೇಪರ್ ವಿಷಯ. ಸಮ್ಮರಿಯಲ್ಲಿ ಅಡ್ಮಿಟ್ ಆದ ಒಂದು ವಾರ ಮಾತ್ರ ಇರುತ್ತೆ. ಉಳಿದ ಮೂರು ವಾರಕ್ಕೆ ಏನಿದೆ? ನಮ್ಮ ಟೇಬಲ್ಲಿಗೆ ಬಂದ ಅರ್ಜಿಗಳು ಜಾಸ್ತಿ ಎಡವುತ್ತಿದ್ದದ್ದು ಇಲ್ಲೇ. ಅದೇ ಡಾಕ್ಟರ ಹತ್ತಿರ ಹೋಗಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ವಿಶ್ರಾಂತಿ ಬೇಕಿತ್ತು ಅಂತ ಬರೆಸಿಕೋ, ಸೀಲು, ರಿಜಿಸ್ಟ್ರೇಷನ್ ನಂಬರ್ ಇರಲಿ. ಫಿಟ್‌ನೆಸ್ ಸರ್ಟಿಫಿಕೇಟನ್ನೂ ತಗೋ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಹಳೇ ತಾರೀಖು ಹಾಕಿಸಿ ತರೋ ಬುದ್ಧಿವಂತಿಕೆ ಬೇಡ. ಆಸ್ಪತ್ರೆಯ ಪ್ಲೇಟ್‌ಲೆಟ್ ರಿಪೋರ್ಟ್, ಔಷಧಿ ಬಿಲ್ಲಿನ ತಾರೀಖಿಗೆ ಅದು ತಾಳೆ ಆಗಲ್ಲ, ನಿಜವಾದ ಕಾಗದದ ಮೇಲೂ ಅನುಮಾನ ಬರುತ್ತೆ.

ಅರ್ಜಿ ಪ್ರಿನ್ಸಿಪಾಲರಿಗೆ, ಎಚ್‌ಒಡಿ ಮೂಲಕ. ಯುಎಸ್‌ಎನ್, ಗೈರಾದ ತಾರೀಖು, ಯಾವ ವಿಷಯದಲ್ಲಿ ಎಷ್ಟು ಪರ್ಸೆಂಟ್, ಅಷ್ಟೇ ಬರಿ. ಕಷ್ಟದ ಕಥೆ ಬೇಡ. ಅಪ್ಪ ಅಥವಾ ಅಮ್ಮನ ಸಹಿ ಇರಲಿ. ಜೆರಾಕ್ಸ್ ಲಗತ್ತಿಸು, ಒರಿಜಿನಲ್ ಕೈಯಲ್ಲಿರಲಿ, ನಿನ್ನ ಕಾಪಿ ಮೇಲೆ ಆಫೀಸಿನ ಸೀಲು ಹಾಕಿಸಿಕೊಂಡೇ ಬಾ. ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳೋ ಮೊದಲೇ ಕೊಡಬೇಕು.

ಒಬ್ಬ ತಾಯಿ, ಮೈಸೂರು: ನನ್ನ ಮಗಳು ಬಿಕಾಂ, ಎನ್‌ಸಿಸಿ ಕ್ಯಾಂಪಿಗೆ ಹೋಗಿ ಹಾಜರಾತಿ ಹೋಯ್ತು. ಅವಳಿಗೂ ಡಾಕ್ಟರ್ ಸರ್ಟಿಫಿಕೇಟ್ ಮಾಡಿಸಲಾ?

ಕಾಲೇಜು ಆಫೀಸಿನಲ್ಲಿದ್ದವರು: ಅಯ್ಯೋ ಬೇಡಮ್ಮಾ, ಕಾಯಿಲೆನೇ ಇಲ್ವಲ್ಲ. ಕ್ಯಾಂಪಿನ ಪತ್ರ ತಗೊಂಡು ಎನ್‌ಸಿಸಿ ನೋಡಿಕೊಳ್ಳೋ ಮೇಷ್ಟ್ರನ್ನ ಕೇಳಿ. ಬಿಕಾಂಗೆ ವಿಟಿಯು ಲೆಕ್ಕ ಹಿಡೀಬೇಡಿ.

ಪ್ರಶ್ನೆ ಕೇಳಿದವರು: ಸರ್, ಡಾಕ್ಟರ್ ಬೇರೆ ಊರಿಗೆ ಹೋಗಿಬಿಟ್ಟಿದ್ದಾರೆ. ರಿವ್ಯೂಗೆ ಹೋದಾಗ ಓಪಿಡಿ ಚೀಟಿಯಲ್ಲಿ ಬರೀ 'ರೆಸ್ಟ್' ಅಂತ ಬರೆದಿದ್ದಾರೆ, ಎಷ್ಟು ದಿನ ಅಂತಿಲ್ಲ.

ಕಾಲೇಜು ಆಫೀಸಿನಲ್ಲಿದ್ದವರು: ಚೀಟಿ ಮೇಲೆ ತಾರೀಖು ಇದೆ ತಾನೇ, ಅದನ್ನೂ ಲಗತ್ತಿಸು. ಅದನ್ನೇ ತೋರಿಸಿ ಅದೇ ಆಸ್ಪತ್ರೆಯ ಬೇರೆ ಡಾಕ್ಟರು ಫೈಲ್ ನೋಡಿ ಬರೆದುಕೊಡ್ತಾರಾ ಕೇಳು. ಬರೀ ಚೀಟಿಯನ್ನ ಪ್ರಿನ್ಸಿಪಾಲ್ ಒಪ್ಪಬಹುದು, ಒಪ್ಪದೇ ಇರಬಹುದು.