ಊಟ ಆದಮೇಲೆ ನುಂಗಿದರೂ ನೋವಿನ ಮಾತ್ರೆಗೆ ಹೊಟ್ಟೆ ಉರಿಯೋದೇಕೆ?

ಪ್ರಶ್ನೆ: ಮಂಡಿನೋವಿಗೆ ಡೈಕ್ಲೋಫೆನಾಕ್ 50 ಮಿಲಿಗ್ರಾಂ ದಿನಕ್ಕೆರಡು, ಹತ್ತು ದಿನದಿಂದ ತಗೊಳ್ತಿದೀನಿ. ಊಟ ಆದಮೇಲೇ ನುಂಗ್ತೀನಿ, ಆದ್ರೂ ಹೊಟ್ಟೆ ಮೇಲ್ಭಾಗದಲ್ಲಿ ಉರಿ. ಹೊಟ್ಟೆಗೆ ತಾಗೋದೇ ಬೇಡ ಅಂತ ಇಂಜೆಕ್ಷನ್ ತಗೊಳ್ಲಾ?

ಒಬ್ಬ ಸದಸ್ಯರು: ಇಂಜೆಕ್ಷನ್ ಯಾಕೆ? ಕೋಟಿಂಗ್ ಇರೋ ಮಾತ್ರೆ ತಗೊಳ್ಳಿ. ಅದು ಹೊಟ್ಟೇಲಿ ಕರಗಲ್ಲ, ಕರುಳಲ್ಲಿ ಕರಗುತ್ತೆ.

ಫಾರ್ಮಸಿಸ್ಟ್: ಕೋಟಿಂಗ್ ಬಗ್ಗೆ ಹೇಳಿದ್ದು ಅರ್ಧ ಸರಿ. ಮಾತ್ರೆ ನೇರವಾಗಿ ತಾಗಿ ಆಗೋ ಕಿರಿಕಿರಿ ಅದರಿಂದ ಕಡಿಮೆಯಾಗುತ್ತೆ. ಆದರೆ ದೊಡ್ಡ ಪೆಟ್ಟು ಬೀಳೋದು ರಕ್ತದ ಕಡೆಯಿಂದ, ಹಾಗಾಗಿ ಇಂಜೆಕ್ಷನ್ನಿಂದಲೂ ತಪ್ಪಲ್ಲ.

ಜಠರದ ಒಳಗೋಡೆ ಮೇಲೆ ತೆಳುವಾದ ಲೋಳೆ ಇರುತ್ತೆ. ಗೋಡೆಯಿಂದ ಒಸರೋ ಕ್ಷಾರ ಆ ಲೋಳೆಯೊಳಗೇ ಸಿಕ್ಕಿಕೊಂಡಿರುತ್ತೆ. ಅದಕ್ಕೇ ಜಠರದ ನಡುವೆ ಅಷ್ಟು ತೀಕ್ಷ್ಣ ಆಸಿಡ್ ಇದ್ದರೂ ಗೋಡೆಗೆ ಅಂಟಿದ ಜಾಗ ಹೆಚ್ಚುಕಡಿಮೆ ನೀರಿನಷ್ಟೇ ಸೌಮ್ಯ. ಲೋಳೆ ಸುರಿಸು, ಕ್ಷಾರ ಬಿಡು, ಗೋಡೆಗೆ ರಕ್ತ ಹರಿಸು ಅಂತ ಹೇಳೋದು ಪ್ರೊಸ್ಟಗ್ಲಾಂಡಿನ್. ಮಂಡಿಯಲ್ಲಿ ನೋವು, ಊತ ಹೆಚ್ಚಿಸೋದೂ ಅದೇ ಗುಂಪಿನ ವಸ್ತುಗಳು. ನಿಮ್ಮ ಮಾತ್ರೆ ಅವುಗಳ ತಯಾರಿಯನ್ನೇ ತಡೆಯುತ್ತೆ, ಮಂಡಿಯಲ್ಲೂ ಜಠರದಲ್ಲೂ. ಇದೇ ಥರದ ನೋವಿನ ಮಾತ್ರೆ ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತೆ ಅಂತ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ.

ಬರೆದುಕೊಟ್ಟ ಡಾಕ್ಟ್ರಿಗೆ ಉರಿ ವಿಷಯ ಇವತ್ತೇ ಹೇಳಿ. ಪ್ಯಾರಸಿಟಮಾಲ್ ಸಾಕಾಗುತ್ತಾ ಕೇಳಿ, ಅದು ಜಠರದಲ್ಲಿ ಈ ತಯಾರಿಯನ್ನ ಅಷ್ಟಾಗಿ ಮುಟ್ಟಲ್ಲ. ಮಂಡಿಗೆ ಹಚ್ಚೋ ಜೆಲ್ ಆದ್ರೆ ರಕ್ತಕ್ಕೆ ಸೇರೋದು ತೀರಾ ಸ್ವಲ್ಪ. ಮಾತ್ರೆಯೇ ಬೇಕಾದ್ರೆ ಜೊತೆಗೆ ಒಮೆಪ್ರಝೋಲ್ ಥರದ್ದು ಕೊಡ್ತಾರೆ, ಅದನ್ನ ತಿನ್ನೋದಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು. ಅದು ಲೋಳೆ ವಾಪಸ್ ತರಲ್ಲ, ಆಸಿಡ್ ಇಳಿಸುತ್ತೆ ಅಷ್ಟೇ.

ಇನ್ನೊಬ್ಬರು: ನಮ್ಮಪ್ಪ ಹೃದಯಕ್ಕೆ ಅಂತ ವರ್ಷಗಟ್ಟಲೆಯಿಂದ ಆಸ್ಪಿರಿನ್ 75 ತಗೊಳ್ತಿದಾರೆ, ಒಂದು ದಿನವೂ ಉರಿ ಅಂದಿಲ್ಲ. ಅವರಿಗೆ ಒಗ್ಗಿದೆ ಅಂತಲೇ ಅಲ್ವಾ ಮೇಡಂ?

ಫಾರ್ಮಸಿಸ್ಟ್: ಹಾಗನ್ನೋಕಾಗಲ್ಲ ಸರ್. ಉರಿ ಇದ್ದವರಿಗೆಲ್ಲ ಹುಣ್ಣು ಇರಲ್ಲ, ಹುಣ್ಣು ಇದ್ದವರಿಗೆಲ್ಲ ಉರಿಯೂ ಇರಲ್ಲ. ಕೆಲವರಿಗೆ ರಕ್ತ ಸೋರಿದಾಗಲೇ ಗೊತ್ತಾಗೋದು: ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತೆ. ವಯಸ್ಸಾದವರಿಗೆ ಅಪಾಯ ಜಾಸ್ತಿ. ಮೈಕೈ ನೋವಿಗೆ ಅಂತ ಅದರ ಮೇಲೆ ಇನ್ನೊಂದು ನೋವಿನ ಮಾತ್ರೆ ಸೇರಿಸಬೇಡಿ. ಆಸ್ಪಿರಿನ್ ಮಾತ್ರ ನೀವಾಗೇ ನಿಲ್ಲಿಸಬೇಡಿ, ಹೃದಯದ ಡಾಕ್ಟ್ರನ್ನ ಕೇಳಿ.

ಪ್ರಶ್ನೆ ಕೇಳಿದವರು: ನಾನು ಕಬ್ಬಿಣದ ಮಾತ್ರೆನೂ ತಗೊಳ್ತೀನಿ, ಮಲ ಹೇಗೂ ಕಪ್ಪಗೇ ಇದೆ. ಏನಂತ ತಿಳ್ಕೊಳ್ಲಿ?

ಫಾರ್ಮಸಿಸ್ಟ್: ಕಬ್ಬಿಣದ್ದು ಸಾಮಾನ್ಯವಾಗಿ ಹಸಿರುಗಪ್ಪು, ಗಟ್ಟಿ. ರಕ್ತದ್ದು ಜಿಗುಟು, ಕೆಟ್ಟ ವಾಸನೆ. ಆದ್ರೆ ಕಣ್ಣಳತೆ ನಂಬಿ ಕೂರಬೇಡಿ. ಉರಿಯೂ ಇರೋದ್ರಿಂದ ಹಿಮೋಗ್ಲೋಬಿನ್ ನೋಡಿಸಿ. ತಲೆ ಸುತ್ತು, ಸುಸ್ತು ಇದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ.