ಸಹಾಯ ಬೇಕು: ತೆರಿಗೆ ಬಾಯನ್ಸಿ ಎರಡು ವರ್ಷವೂ ಋಣಾತ್ಮಕ, ಆದರೆ ಅನುಪಾತ ಒಮ್ಮೆ ಇಳಿಕೆ, ಒಮ್ಮೆ ಏರಿಕೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿದ್ದೇನೆ. ತೆರಿಗೆಯ ಶೇಕಡಾ ಬೆಳವಣಿಗೆಯನ್ನು ಜಿಡಿಪಿಯ ಶೇಕಡಾ ಬೆಳವಣಿಗೆಯಿಂದ ಭಾಗಿಸಿದರೆ ಬಾಯನ್ಸಿ. ಜಿಡಿಪಿ ಬೆಳೆಯುತ್ತಿರುವಾಗ ಅದು ಒಂದಕ್ಕಿಂತ ಹೆಚ್ಚಿದ್ದರೆ ತೆರಿಗೆ–ಜಿಡಿಪಿ ಅನುಪಾತ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಇಲ್ಲಿಯವರೆಗೆ ಸರಿ.

ಕೇಂದ್ರದ ಒಟ್ಟು ತೆರಿಗೆಯ ಲೆಕ್ಕ ಹಾಕಿದೆ. 2018-19ರಲ್ಲಿ ಸುಮಾರು 20.8 ಲಕ್ಷ ಕೋಟಿ ರೂಪಾಯಿ ಇದ್ದದ್ದು 2019-20ರಲ್ಲಿ 20.1ಕ್ಕೆ ಇಳಿಯಿತು, ಜಿಡಿಪಿ ಸುಮಾರು 189ರಿಂದ 201 ಲಕ್ಷ ಕೋಟಿಗೆ ಏರಿತು. ಬಾಯನ್ಸಿ ಸುಮಾರು -0.5; ಅನುಪಾತ ಶೇ 11ರಿಂದ 10ಕ್ಕೆ ಬಂತು. ಮರುವರ್ಷ ಕೊರೊನಾ. ಜಿಡಿಪಿ ಸುಮಾರು 198.5ಕ್ಕೆ ಕುಸಿಯಿತು, ತೆರಿಗೆ ಮಾತ್ರ 20.27ಕ್ಕೆ ಏರಿತು. ಬಾಯನ್ಸಿ -0.7ರ ಆಸುಪಾಸು, ಆದರೆ ಅನುಪಾತ ಶೇ 10.2!

ಪುಸ್ತಕಗಳಲ್ಲಿ ಹುಡುಕಿದೆ, ಗೆಳೆಯರನ್ನೂ ಕೇಳಿದೆ. ‘ಋಣಾತ್ಮಕ ಎಂದರೆ ವಸೂಲಿ ಕೆಟ್ಟಿದೆ’ ಎನ್ನುವುದರ ಆಚೆಗೆ ಯಾರೂ ಹೋಗುವುದಿಲ್ಲ. ಇನ್ನೊಂದು ತೊಡಕು: 2020ರ ಮೇ ತಿಂಗಳಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಹೆಚ್ಚಿಸಿದ್ದರು. ಬಾಯನ್ಸಿಯಲ್ಲಿ ದರ ಏರಿಕೆಯ ಹಣವೂ ಸೇರುತ್ತದೆಯಲ್ಲ, ಅದನ್ನು ವಸೂಲಿಯ ದಕ್ಷತೆ ಎಂದು ಹೇಗೆ ಬರೆಯುವುದು?

ನನ್ನ ಪ್ರಶ್ನೆ ಇಷ್ಟೇ: ಜಿಡಿಪಿಯೇ ಕುಸಿದ ವರ್ಷದಲ್ಲಿ ಬಾಯನ್ಸಿಯನ್ನು ಪಕ್ಕಕ್ಕಿಟ್ಟು ಅನುಪಾತವನ್ನಷ್ಟೇ ನೋಡಬೇಕೇ, ಇಲ್ಲವೇ ಹಲವು ವರ್ಷಗಳನ್ನು ಒಟ್ಟುಗೂಡಿಸಿ ಬಾಯನ್ಸಿ ತೆಗೆಯಬೇಕೇ? ಅರ್ಥಶಾಸ್ತ್ರ ಕಲಿಸುವವರು ಯಾರಾದರೂ ತಿಳಿಸಿ.